ಹಾಡು ಬರೆಯೋರಿಗೆ: ಉಪಮೆ ಕೂಡ್ತದೋ ಇಲ್ಲೋ ಹಿಂಗ ನೋಡ್ರಿ

ನಮ್ಮ ಕಲಬುರಗಿ ಕಡಿ ಹುಡುಗರು ಹಾಡು ಬರದು ಗ್ರೂಪಿಗೆ ಹಾಕ್ಲಿಕತ್ತೀರಿ, ಭಾಳ ಖುಷಿ ಆಗ್ತದ, ಅದಕ್ಕ ಮೂರು ಸಾಲು ನಾನೇ ಕಟ್ಟಿ ತೋರಸ್ತೀನಿ.

"ಒಣಗಿದ ತೊಗರಿ ಕಾಯಿ ಹಂಗ ಗಲ್ ಅಂತಾವ ನಿನ್ನ ಗೆಜ್ಜಿ
ನನ್ನ ಕಣ್ಣೀರಿಗೆ ಭೀಮಾ ನದಿ ತುಂಬಿ ಹರದದ
ಬಿಸಲು ಹೊಸ್ತಿಲ ಮ್ಯಾಲ ಕುಂತು ನಿನ್ನ ದಾರಿ ಕಾಯ್ತದ"

ಮೊದಲನೇದು ಉಪಮೆ, "ಹಂಗ" ಅನ್ನೋದೇ ಗುರ್ತು. ಆದ್ರ "ಹಂಗ" ಸಿಕ್ತು ಅಂತ ಬಿಡಬ್ಯಾಡ್ರಿ, ಎರಡಕ್ಕೂ ಸಮಾನ ಇರೋ ಗುಣ ಯಾವ್ದು ಅಂತ ಕೇಳ್ರಿ. ಇಲ್ಲಿ ಸಪ್ಪಳ. ಒಣಗಿದ ಕಾಯಿ ಅಲುಗಾಡಿಸಿದ್ರ ಒಳಗಿನ ಕಾಳು ಗಲಗಲ ಅಂತಾವ, ಹೊಲಕ್ಕ ಹೋದೋರಿಗೆ ಕಿವಿಯಾಗೇ ಕೇಳಸ್ತದ, ಅದಕ್ಕ ಕೂಡ್ತು. ಅದೇ "ಚಂದ್ರನಂಥ ಗೆಜ್ಜಿ" ಅಂದ್ರ ಸಮಾನ ಗುಣ ಹುಡುಕಬೇಕಾಗ್ತದ.

ಎರಡನೇದು ಅತಿಶಯೋಕ್ತಿ, ನನಗಂತೂ ಸೋತದ ಅನಸ್ತದ. ಎಲ್ಲರ ಹಾಡಿನ್ಯಾಗೂ ಕಣ್ಣೀರಿಗೆ ಹೊಳಿ ಹರೀತದ, ಇವನ ದುಃಖ ಎಂಥಾದು ಅಂತ ತಿಳಿಯಂಗಿಲ್ಲ. "ನೀ ಹೋದ ಮ್ಯಾಲ ಅಡಗಿ ಮನಿ ಒಂದು ಹರದಾರಿ ದೂರ ಆಗ್ಯಾದ" ಅನ್ರಿ, ಇದೂ ಸುಳ್ಳೇ, ಆದ್ರ ಊಟ ಬ್ಯಾಡಾದ ಮನಸು ಕಾಣ್ತದ.

ಮೂರನೇದ್ರಾಗ ಬಿಸಲಿಗೆ ಮನುಷ್ಯಾನ ಕೆಲಸ ಕೊಟ್ಟೀವಿ. ಕ್ರಿಯಾಪದ ನೋಡ್ರಿ: ಬಿಸಲು ಖರೇನೇ ಹೊಸ್ತಿಲ ತನ ಬಂದು ನಿಂದರ್ತದ, ಅದಕ್ಕ "ಕುಂತು" ಒಪ್ಪತದ, "ಬಿಸಲು ಕುಣೀತು" ಅಂದಿದ್ರ ಕಾಯೋ ಹಾಡಿಗೆ ಹೊಂದ್ತಿರಲಿಲ್ಲ.