ಮಾವನ ಷೇರು ಪತ್ರ, ಠೇವಣಿ ರಶೀದಿ ತಾಳೆ ಹಾಕಿದ್ದು

ಮಾವ ತೀರಿಕೊಂಡ ಮೇಲೆ ಅವರ ಕಪಾಟಿನಲ್ಲಿ ಒಂದು ಷೇರು ಪತ್ರ, ಒಂದು ಠೇವಣಿ ರಶೀದಿ ಸಿಕ್ಕಿತು. ಎರಡೂ ಉಡುಪಿ ಕಡೆಯ ಒಂದೇ ಸಹಕಾರಿ ಬ್ಯಾಂಕಿನವು. ಕೌಂಟರಿನಲ್ಲಿ, "ನಂಬರ್ ಬೇರೆ ಬೇರೆ ಉಂಟಲ್ಲ ಮಾರಾಯ್ರೆ, ಒಬ್ಬರದ್ದೇ ಅಂತ ಹೇಗೆ ಹೇಳುವುದು?" ಎಂದರು. ಮನೆಯವರು ವಕೀಲರಿಗೆ ಕೊಡುವಾ ಎಂದರು. ನಾನು ಒಪ್ಪಲಿಲ್ಲ.

ಮೊದಲು ಒಂದು ತಪ್ಪು ಮಾಡಿದೆ. ಹಾಳಾಗದಿರಲಿ ಎಂದು ರಶೀದಿಗೆ ಲ್ಯಾಮಿನೇಶನ್ ಮಾಡಿಸಿದೆ. ಹಣ ತೆಗೆಯುವಾಗ ಅದರ ಹಿಂಬದಿಯಲ್ಲಿ ರೆವೆನ್ಯೂ ಸ್ಟಾಂಪ್ ಅಂಟಿಸಿ ಸಹಿ ಹಾಕಬೇಕು. ಪ್ಲಾಸ್ಟಿಕ್ ಮೇಲೆ ಆಗುವುದಿಲ್ಲ. ಬಿಡಿಸಲು ಹೋಗಿ ಕಾಗದದ ಮೂಲೆಯೇ ಎದ್ದು ಬಂತು. ನಕಲು ರಶೀದಿಗೆ ಬಾಂಡ್ ಪೇಪರ್, ನೋಟರಿ ಎಲ್ಲ ಸೇರಿ ಎಂಟುನೂರರ ಹತ್ತಿರ ಹೋಯಿತು.

ನಂಬರಿನ ಗಂಟು ಬಿಡಿಸಿದ್ದು ಉಳಿತಾಯ ಖಾತೆಯ ಪಾಸ್‌ಬುಕ್. ಷೇರು ಪತ್ರದಲ್ಲಿ ಕೈಬರಹದ 1187 ಇತ್ತು, ಅದು ಸದಸ್ಯ ಸಂಖ್ಯೆ. ರಶೀದಿಯಲ್ಲಿದ್ದ ಆರಂಕಿಯ ನಂಬರ್ ಕಂಪ್ಯೂಟರ್ ಬಂದ ಮೇಲೆ ಕೊಟ್ಟ ಗ್ರಾಹಕ ಸಂಖ್ಯೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಅದೇ ಆರಂಕಿ. ಒಳಗೆ ಡಿವಿಡೆಂಡ್ ಜಮೆಯಾದ ಸಾಲಿನಲ್ಲಿ 1187. ಎರಡೂ ಒಬ್ಬರದ್ದೇ ಎನ್ನಲು ಇನ್ನೇನು ಬೇಕು?

ಮೊತ್ತದಲ್ಲಿ ಎರಡು ಕಡೆ ಎಡವಿದೆ. ಷೇರಿನ ಕ್ರಮಸಂಖ್ಯೆ 40176ರಿಂದ 40200. ಕಳೆದರೆ 24, ಪತ್ರದಲ್ಲಿ 25 ಷೇರು. ಮೊದಲನೆಯ ಷೇರನ್ನೂ ಎಣಿಸಬೇಕು, ಅಂದರೆ ಒಂದು ಕೂಡಿಸಬೇಕು. ತಲಾ ನೂರರಂತೆ 2,500, ಸರಿಯಾಯಿತು. ರಶೀದಿಯಲ್ಲಿ ಒಂದು ಲಕ್ಷ, 8%, 24 ತಿಂಗಳು, ಕೊನೆಗೆ 1,17,166. ನನ್ನ ಲೆಕ್ಕಕ್ಕೆ 1,16,000 ಬಂತು. ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾರೆ. 2%ರಂತೆ ಎಂಟು ಸಲ ಏರಿಸಿದರೆ ಅವರ ಮೊತ್ತವೇ ಬರುತ್ತದೆ.

ಜಾಸ್ತಿ ಕಾಡಿದ್ದು ಷೇರು ಪತ್ರದಲ್ಲಿದ್ದ ಅಧ್ಯಕ್ಷರ ಸಹಿ. ನೋಟು ನೋಡುವ ನೀಲಿ ದೀಪ ಹಿಡಿದೆ, ಮೊಬೈಲಿನಲ್ಲಿ ದೊಡ್ಡದು ಮಾಡಿದೆ, ಏನೂ ಸಿಗಲಿಲ್ಲ. ಆಮೇಲೆ ಮಹಾಸಭೆಗೆ ಮುಂಚೆ ಸದಸ್ಯರಿಗೆ ಬರುವ ವಾರ್ಷಿಕ ವರದಿ ನೆನಪಾಯಿತು. ನೆರೆಮನೆಯ ಮೇಷ್ಟ್ರು ವರ್ಷವಾರು ಕಟ್ಟಿಟ್ಟಿದ್ದರು. ಪತ್ರದ ತಾರೀಕು 2011ರದ್ದು. ಸಹಿ ಹಾಕಿದವರು ಅಧ್ಯಕ್ಷರಾಗಿ ಕಾಣಿಸುವುದು 2015ರ ವರದಿಯಿಂದ! ನಕಲಿ ಪತ್ರವೇ ಎಂದು ಎದೆ ಧಸಕ್ಕೆಂದಿತು. ಮತ್ತೆ ನೋಡಿದರೆ ಕೆಳಗಿನ ಮೂಲೆಯಲ್ಲಿ ಮಾಸಿದ ರಬ್ಬರ್ ಮೊಹರು: "ಎರಡನೇ ಪ್ರತಿ". ಆ ಮೊಹರನ್ನು ಓದಿದ ಉಪಾಯ ನನ್ನಲ್ಲೇ ಇರಲಿ. ಮಾವ ಮೂಲ ಪತ್ರ ಕಳೆದುಕೊಂಡು ಬೇರೆ ಮಾಡಿಸಿದ್ದರು, ಬ್ಯಾಂಕಿನವರು ಅದರಲ್ಲಿ ಹಳೇ ತಾರೀಕನ್ನೇ ಬರೆದಿದ್ದರು. ಬ್ಯಾಂಕಿನ ಷೇರು ಲೆಡ್ಜರಿನಲ್ಲೂ ಹಾಗೇ ಇತ್ತು.

ಮೂರನೇ ಭೇಟಿಗೆ ಪಾಸ್‌ಬುಕ್, ಎರಡು ವರದಿ, ನನ್ನ ಲೆಕ್ಕದ ಚೀಟಿ ಮೇಜಿನ ಮೇಲಿಟ್ಟೆ. ಮ್ಯಾನೇಜರ್ ಅರ್ಧ ಗಂಟೆ ನೋಡಿ ಸಹಿ ಹಾಕಿದರು. ನಾಮಿನಿ ಅತ್ತೆಯ ಖಾತೆಗೆ ಆ ವಾರವೇ ಹಣ ಬಂತು.