ವೆಬ್‌ಸೈಟ್ ಬದಲಾಯ್ತು: ಕೌಂಟರ್‌ನಲ್ಲಿ ಕೂತವರಿಗೆ ಹೇಳುವುದು ಹೇಗೆ?

ಅಪ್‌ಡೇಟ್ ಆದ ಮರುದಿನ ಬೆಳಿಗ್ಗೆ ಅಂಗಡಿಯ ವಾಟ್ಸ್‌ಆ್ಯಪ್ ಗುಂಪಿಗೆ ಸಂದೇಶ ಬರುತ್ತದೆ: ‘ಹೊಸ ವರ್ಷನ್ ಲೈವ್ ಆಗಿದೆ, ಎಲ್ಲರೂ ಗಮನಿಸಿ.’ ಏನನ್ನು ಗಮನಿಸಬೇಕು ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ. ಸೈಟ್ ಮಾಡಿಕೊಟ್ಟವರು ಒಂದು ಚೇಂಜ್‌ಲಾಗ್ ಕೊಟ್ಟಿರುತ್ತಾರೆ, ಅದನ್ನೇ ಫಾರ್ವರ್ಡ್ ಮಾಡಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಆದರೆ ಚೇಂಜ್‌ಲಾಗ್ ಬರೆದಿರುವುದು ಇನ್ನೊಬ್ಬ ಡೆವಲಪರ್‌ಗಾಗಿ. ಆರ್ಡರ್ ನೋಡುವವರಿಗೆ, ಬೆಲೆ ಹಾಕುವವರಿಗೆ ಬೇಕಾದದ್ದು ಬೇರೆ ಕಾಗದ. ಇದನ್ನು ರಿಲೀಸ್ ನೋಟ್ಸ್ ಎನ್ನುತ್ತಾರೆ, ಇಲ್ಲಿ ಸುಮ್ಮನೆ ‘ಸೂಚನೆ’ ಎಂದುಕೊಳ್ಳೋಣ.

ಉದಾಹರಣೆಗೆ ಒಂದು ಸಿಹಿತಿಂಡಿ ಅಂಗಡಿ. ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ ಹಾಕಿ ಆನ್‌ಲೈನ್ ಆರ್ಡರ್ ತೆಗೆದುಕೊಳ್ಳುತ್ತದೆ. ಡೆವಲಪರ್ ಕೊಟ್ಟ ಪಟ್ಟಿ ಹೀಗಿದೆ:

```
2.4.0 (2026-01-20)
Changed: prices are now entered inclusive of tax
Added:   gateway refunds from the order screen
Changed: orders moved to HPOS tables
Fixed:   PHP warning on stock report
```

ಮೊದಲು ಸಾಲುಗಳನ್ನು ಸೋಸಿ

ಒಂದೊಂದು ಸಾಲಿಗೂ ಒಂದೇ ಪ್ರಶ್ನೆ ಕೇಳಿ: ನಾಳೆ ಬೆಳಿಗ್ಗೆ ಇದರಿಂದ ಯಾರ ಕೈ ಕೆಲಸ ಬದಲಾಗುತ್ತದೆ? ಮೂರನೆಯ ಸಾಲು ಆರ್ಡರ್‌ಗಳನ್ನು ಡೇಟಾಬೇಸ್‌ನಲ್ಲಿ ಎಲ್ಲಿ ಇಡಲಾಗುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು. ಡೆವಲಪರ್‌ಗೆ ಅದು ನಾಲ್ಕರಲ್ಲಿ ಅತಿ ದೊಡ್ಡ ಕೆಲಸ, ಸಿಬ್ಬಂದಿಗೆ ಅದು ಕಾಣುವುದೇ ಇಲ್ಲ. ನಾಲ್ಕನೆಯದೂ ಅಷ್ಟೇ. ಎರಡನ್ನೂ ಚೇಂಜ್‌ಲಾಗ್‌ನಲ್ಲೇ ಬಿಡಿ. ಎಷ್ಟು ಕಷ್ಟಪಟ್ಟಿದ್ದೇವೆ ಎಂದು ತೋರಿಸುವ ಆಸೆಗೆ ಅವನ್ನೂ ಸೇರಿಸಿದರೆ ಸಿಬ್ಬಂದಿ ಮೊದಲ ಸಾಲನ್ನೂ ಓದುವುದಿಲ್ಲ.

ಉಳಿದ ಎರಡು ಸಾಲುಗಳಲ್ಲಿ ದುಡ್ಡಿನ ವಿಷಯವಿದೆ. ಸೂಚನೆಯ ತುಂಬ ಅವೇ ಇರಲಿ.

ಬೆಲೆಯ ಸಾಲು

ಹಳೆಯ ಕ್ರಮದಲ್ಲಿ ಬೆಲೆಯ ಜಾಗದಲ್ಲಿ ತೆರಿಗೆ ಬಿಟ್ಟ ಬೆಲೆ ಹಾಕುತ್ತಿದ್ದರು. ಒಂದು ಕೆಜಿ ಮೈಸೂರ್ ಪಾಕ್‌ಗೆ 800 ಎಂದು ಹಾಕಿದರೆ ಸೈಟ್ ತಾನೇ 5% ಜಿಎಸ್‌ಟಿ, ಅಂದರೆ 40 ರೂಪಾಯಿ ಸೇರಿಸಿ ಗ್ರಾಹಕರಿಂದ 840 ತೆಗೆದುಕೊಳ್ಳುತ್ತಿತ್ತು. ಈಗ ಅದೇ ಜಾಗದಲ್ಲಿ ಹಾಕುವ ಅಂಕಿಯನ್ನು ಸೈಟ್ ತೆರಿಗೆ ಸೇರಿದ ಬೆಲೆ ಎಂದು ತಿಳಿಯುತ್ತದೆ. ಅಭ್ಯಾಸದಂತೆ 800 ಹಾಕಿದರೆ ಗ್ರಾಹಕರು ಕೊಡುವುದು 800 ಮಾತ್ರ. ಅದರಲ್ಲಿ 38.10 ತೆರಿಗೆಗೆ ಹೋಗಿ ಅಂಗಡಿಗೆ ಉಳಿಯುವುದು 761.90. ಒಂದು ಬಾಕ್ಸ್‌ಗೆ 38 ರೂಪಾಯಿ ಕಡಿಮೆ ಬಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂವತ್ತು ಬಾಕ್ಸ್ ಹೋದ ಮೇಲೆ 1,143 ರೂಪಾಯಿ ಎಲ್ಲಿ ಹೋಯಿತು ಎಂದು ತಿಂಗಳ ಕೊನೆಯಲ್ಲಿ ಲೆಕ್ಕದವರು ಹುಡುಕುತ್ತಾರೆ.

ಇಲ್ಲಿ ಇನ್ನೊಂದು ಗುಂಡಿ ಇದೆ, ಅದರಲ್ಲಿ ಬೀಳುವವರು ಹೆಚ್ಚಾಗಿ ಡೆವಲಪರ್‌ಗಳೇ. ವೂಕಾಮರ್ಸ್‌ನಲ್ಲಿ ಈ ಸೆಟ್ಟಿಂಗ್ ಬದಲಿಸಿದರೆ ಮೊದಲೇ ಹಾಕಿಟ್ಟ ಬೆಲೆಗಳು ತಾವಾಗಿ ಬದಲಾಗುವುದಿಲ್ಲ. 800 ಎಂದಿದ್ದದ್ದು 800 ಆಗಿಯೇ ಉಳಿಯುತ್ತದೆ, ಅದರ ಅರ್ಥ ಮಾತ್ರ ಬೇರೆಯಾಗುತ್ತದೆ. ಹಾಗಾಗಿ ಎಲ್ಲ ಉತ್ಪನ್ನಗಳನ್ನೂ ಸಿಎಸ್‌ವಿ ಕಡತಕ್ಕೆ ಇಳಿಸಿಕೊಂಡು, `Regular price` ಮತ್ತು `Sale price` ಕಾಲಂಗಳನ್ನು 1.05ರಿಂದ ಗುಣಿಸಿ, ಮತ್ತೆ ಏರಿಸಬೇಕು. ಅರ್ಧ ಕೆಜಿ, ಒಂದು ಕೆಜಿ ಎಂದು ತೂಕದ ಆಯ್ಕೆ ಇರುವ ತಿಂಡಿಗಳಲ್ಲಿ ಬೆಲೆ ಇರುವುದು ಆಯ್ಕೆಗಳ ಸಾಲುಗಳಲ್ಲಿ. ತಿಂಡಿಯ ಮುಖ್ಯ ಸಾಲಿನಲ್ಲಿ ಆ ಕಾಲಂ ಖಾಲಿ. ಖಾಲಿ ಕಂಡದ್ದರಿಂದ ಆ ತಿಂಡಿಯನ್ನೇ ಬಿಟ್ಟು ಮುಂದೆ ಹೋದರೆ ಅಂಗಡಿಯ ಅರ್ಧ ಸರಕು ಹಳೆಯ ಬೆಲೆಯಲ್ಲೇ ಉಳಿಯುತ್ತದೆ.

ಈ ಕೆಲಸ ಯಾರದು ಎಂದು ಸೂಚನೆಯಲ್ಲಿ ಬರೆಯಲೇಬೇಕು. ಡೆವಲಪರ್ ರಾತ್ರಿ ಬೆಲೆಗಳನ್ನು ಬದಲಿಸಿರುತ್ತಾರೆ. ಅದು ಗೊತ್ತಿಲ್ಲದೆ ಸಿಬ್ಬಂದಿ ಬೆಳಿಗ್ಗೆ ಮತ್ತೆ 5% ಸೇರಿಸಿದರೆ 840 ಹೋಗಿ 882 ಆಗುತ್ತದೆ. ಬಾಕ್ಸ್ ಮೇಲೆ ಎಂಆರ್‌ಪಿ 840 ಎಂದು ಅಚ್ಚಾಗಿದೆ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಅದಕ್ಕಿಂತ ಹೆಚ್ಚಿಗೆ ಮಾರುವುದು ಕಾನೂನಿಗೆ ವಿರುದ್ಧ. ಹೀಗಾಗಿ ಸಿಬ್ಬಂದಿಗೆ ಹೇಳುವ ನಿಯಮ ಗುಣಾಕಾರದ ಗೊಡವೆ ಇಲ್ಲದಂತೆ ಇರಬೇಕು. ಸೂಚನೆಯಲ್ಲಿ ಈ ಭಾಗ ಇಷ್ಟಿದ್ದರೆ ಸಾಕು:

> ಬೆಲೆ ಹಾಕುವುದು
> ಇಲ್ಲಿಯವರೆಗೆ: ತೆರಿಗೆ ಬಿಟ್ಟ ಬೆಲೆ ಹಾಕುತ್ತಿದ್ದೆವು.
> ಮಂಗಳವಾರ, 20 ಜನವರಿಯಿಂದ: ಬಾಕ್ಸ್ ಮೇಲೆ ಅಚ್ಚಾದ ಎಂಆರ್‌ಪಿಯನ್ನೇ `Regular price` ಜಾಗದಲ್ಲಿ ಹಾಕಿ.
> ಹಳೆಯ ತಿಂಡಿಗಳ ಬೆಲೆ ನಾವೇ ಬದಲಿಸಿದ್ದೇವೆ. ಅವನ್ನು ಮುಟ್ಟಬೇಡಿ.
> ಸರಿಯಾಗಿದೆಯೇ ಎಂದು ನೋಡಲು: ಸೈಟ್‌ನಲ್ಲಿ ಒಂದು ಕೆಜಿ ಮೈಸೂರ್ ಪಾಕ್ ಅನ್ನು ಕಾರ್ಟ್‌ಗೆ ಹಾಕಿ. ಡೆಲಿವರಿ ಬಿಟ್ಟು 840 ಕಾಣಬೇಕು. 800 ಅಥವಾ 882 ಕಂಡರೆ ಏನೂ ತಿದ್ದದೆ ಕೂಡಲೇ ಫೋನ್ ಮಾಡಿ.

ಹಿಂದೆ ಹೇಗಿತ್ತು, ಈಗ ಹೇಗೆ, ಏನು ಮಾಡಬಾರದು, ಸರಿಯಾಗಿದೆ ಎಂದು ತಿಳಿಯುವುದು ಹೇಗೆ: ಇದೇ ಕ್ರಮದಲ್ಲಿ ಬರೆಯಿರಿ. ಕೊನೆಯದನ್ನು ಬಹಳ ಜನ ಬರೆಯುವುದಿಲ್ಲ. ಆದರೆ ಯಾವ ಅಂಕಿ ಕಾಣಬೇಕು ಎಂದು ಗೊತ್ತಿರುವವರು ತಪ್ಪನ್ನು ಹತ್ತು ನಿಮಿಷದಲ್ಲಿ ಹಿಡಿಯುತ್ತಾರೆ. ದಿನಾಂಕದ ಜೊತೆ ವಾರವನ್ನೂ ಬರೆದಿರುವುದು ಬೇಕೆಂದೇ. ‘2026-01-20’ ಡೆವಲಪರ್‌ಗೆ ಸರಿ, ಅಂಗಡಿಯ ಮಾತು ನಡೆಯುವುದು ವಾರದ ಲೆಕ್ಕದಲ್ಲಿ. ಇನ್ನು ಸಂಕ್ರಾಂತಿಯ ಎಳ್ಳು-ಬೆಲ್ಲದ ಆರ್ಡರ್ ಮುಗಿದ ಮೇಲಿನ ಮಂಗಳವಾರವನ್ನು ಆರಿಸಿದ್ದೇಕೆ ಎಂದು ಅಂಗಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಣ ವಾಪಸ್: ಎರಡು ಬಟನ್, ಎರಡು ಅರ್ಥ

ಈ ಅಂಗಡಿಯಲ್ಲಿ ಇದುವರೆಗೆ ಗ್ರಾಹಕರಿಗೆ ಹಣ ಹಿಂತಿರುಗಿಸಬೇಕಾದಾಗ ಮಾಲೀಕರು ತಮ್ಮ ಫೋನ್‌ನಿಂದ ಯುಪಿಐ ಮಾಡುತ್ತಿದ್ದರು, ಆಮೇಲೆ ಸಿಬ್ಬಂದಿ ಆರ್ಡರ್‌ನಲ್ಲಿ ಗುರುತು ಹಾಕುತ್ತಿದ್ದರು. ಈಗ ಆರ್ಡರ್ ಪರದೆಯಿಂದಲೇ ಹಣ ಹೋಗುತ್ತದೆ. ಆರ್ಡರ್ ತೆರೆದು `Refund` ಒತ್ತಿ, ಎಷ್ಟು ಬಾಕ್ಸ್, ಎಷ್ಟು ಮೊತ್ತ ಎಂದು ತುಂಬಿದರೆ ಕೆಳಗೆ ಎರಡು ಬಟನ್ ಕಾಣುತ್ತವೆ. ಒಂದರಲ್ಲಿ ಮೊತ್ತದ ಜೊತೆ `manually` ಎಂದಿರುತ್ತದೆ. ಇನ್ನೊಂದರಲ್ಲಿ `via` ಎಂದು ಬರೆದು ಮುಂದೆ ಪಾವತಿ ಕಂಪನಿಯ ಹೆಸರು ಇರುತ್ತದೆ.

`manually` ಒತ್ತಿದರೆ ಒಂದು ರೂಪಾಯಿಯೂ ಎಲ್ಲಿಗೂ ಹೋಗುವುದಿಲ್ಲ. ಹಣ ಕೊಟ್ಟಾಗಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡಂತೆ ಅಷ್ಟೇ. `via` ಒತ್ತಿದರೆ ಮಾತ್ರ ಪಾವತಿ ಕಂಪನಿಗೆ ಆದೇಶ ಹೋಗುತ್ತದೆ. ಆರ್ಡರ್‌ನ ಸ್ಥಿತಿಯನ್ನು ಮೇಲಿನ ಪಟ್ಟಿಯಿಂದ `Refunded` ಎಂದು ಬದಲಿಸಿದರೂ ಹಣ ಹೋಗುವುದಿಲ್ಲ. ಗ್ರಾಹಕರು ‘ವಾರವಾಯಿತು, ದುಡ್ಡು ಬಂದಿಲ್ಲ’ ಎಂದು ಫೋನ್ ಮಾಡಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಅಪ್‌ಡೇಟ್ ಆದ ಮೊದಲ ವಾರದಲ್ಲಿ ಇದರ ತದ್ವಿರುದ್ಧ ತಪ್ಪೂ ಆಗುತ್ತದೆ. ಸಿಬ್ಬಂದಿ `via` ಒತ್ತಿರುತ್ತಾರೆ, ಮಾಲೀಕರು ಹಳೆಯ ರೂಢಿಯಂತೆ ಯುಪಿಐ ಕೂಡ ಮಾಡಿರುತ್ತಾರೆ. ಗ್ರಾಹಕರಿಗೆ ಎರಡು ಸಲ ಹಣ ಹೋಯಿತು, ಕೇಳಿ ವಾಪಸ್ ತರುವುದು ಮುಜುಗರದ ಕೆಲಸ. ಆದ್ದರಿಂದ ಈ ಭಾಗದ ಮೊದಲ ವಾಕ್ಯ ಮಾಲೀಕರಿಗೇ ಇರಲಿ: ‘20ರಿಂದ ಆನ್‌ಲೈನ್‌ನಲ್ಲಿ ಹಣ ಕಟ್ಟಿದ ಆರ್ಡರ್‌ಗಳಿಗೆ ಫೋನ್‌ನಿಂದ ಹಣ ಕಳಿಸಬೇಡಿ.’ ಸರಕು ತಲುಪಿದಾಗ ನಗದು ಕೊಟ್ಟ ಆರ್ಡರ್‌ಗಳಲ್ಲಿ `via` ಬಟನ್ ಬರುವುದೇ ಇಲ್ಲ. ಅಲ್ಲಿ ಹಳೆಯ ಕ್ರಮವೇ ನಡೆಯುತ್ತದೆ ಎಂದೂ ಬರೆಯಿರಿ, ಇಲ್ಲದಿದ್ದರೆ ‘ಬಟನ್ ಕಾಣ್ತಿಲ್ಲ ಸರ್’ ಎಂಬ ಫೋನ್ ಖಂಡಿತ.

ಅದೇ ಪರದೆಯಲ್ಲಿ `Restock refunded items` ಎಂಬ ಸಣ್ಣ ಚೌಕವಿದೆ, ಅದರಲ್ಲಿ ಮೊದಲೇ ಟಿಕ್ ಇರುತ್ತದೆ. ಹಾಗೇ ಬಿಟ್ಟರೆ ವಾಪಸ್ ಬಂದ ಬಾಕ್ಸ್ ಸ್ಟಾಕ್‌ಗೆ ಸೇರುತ್ತದೆ. ಬಟ್ಟೆ ಅಂಗಡಿಗೆ ಇದು ಸರಿ. ಒಡೆದ ಮೈಸೂರ್ ಪಾಕ್ ಬಾಕ್ಸ್ ಸ್ಟಾಕ್‌ಗೆ ಸೇರಿದರೆ, ಇಲ್ಲದ ಸರಕಿಗೆ ಇನ್ನೊಬ್ಬರಿಂದ ಆರ್ಡರ್ ಬರುತ್ತದೆ. ತಿಂಡಿ ಅಂಗಡಿಯ ಸೂಚನೆಯಲ್ಲಿ ‘ಟಿಕ್ ತೆಗೆಯಿರಿ’ ಎಂದು ದಪ್ಪಕ್ಷರದಲ್ಲಿ ಇರಲಿ.

ಬಟನ್ ಹೆಸರನ್ನು ಅನುವಾದಿಸಬೇಡಿ

ಪರದೆಯ ಮೇಲೆ `Refund` ಎಂದಿದ್ದರೆ ಸೂಚನೆಯಲ್ಲೂ ಅದನ್ನೇ, ಅದೇ ಅಕ್ಷರಗಳಲ್ಲಿ ಬರೆಯಿರಿ. ‘ಮರುಪಾವತಿ ಗುಂಡಿ’ ಎಂದು ಬರೆದರೆ ಕನ್ನಡ ಚೆಂದ, ಬಟನ್ ಮಾತ್ರ ಸಿಗುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಪ್ರತಿಯೊಬ್ಬರೂ ತಮ್ಮ ಪ್ರೊಫೈಲ್‌ನಲ್ಲಿ ಭಾಷೆ ಬದಲಿಸಿಕೊಳ್ಳಬಹುದು. ಯಾರಾದರೂ ಕನ್ನಡ ಇಟ್ಟುಕೊಂಡಿದ್ದರೆ ಅವರ ಪರದೆಯಲ್ಲಿ ಹೆಸರು ಬೇರೆ ಇರಬಹುದು. ಅದಕ್ಕೇ ಸ್ಕ್ರೀನ್‌ಶಾಟ್ ತೆಗೆಯಬೇಕಾದದ್ದು ಸಿಬ್ಬಂದಿಯ ಲಾಗಿನ್‌ನಿಂದ. ಡೆವಲಪರ್ ಬಳಸುವುದು `Administrator` ಲಾಗಿನ್, ಸಿಬ್ಬಂದಿಯದು `Shop manager`. ಡೆವಲಪರ್‌ಗೆ ಎಡಗಡೆ ಕಾಣುವ ಮೆನುಗಳಲ್ಲಿ ಕೆಲವು ಸಿಬ್ಬಂದಿಗೆ ಕಾಣುವುದಿಲ್ಲ. ‘ಪ್ಲಗಿನ್ಸ್ ಕೆಳಗಿನ ಮೂರನೆಯದು’ ಎಂದು ದಾರಿ ತೋರಿಸಿದರೆ ಅವರಿಗೆ ಪ್ಲಗಿನ್ಸ್ ಎಂಬುದೇ ಇಲ್ಲ.

ಕಳಿಸುವ ಮುಂಚೆ ಒಬ್ಬರನ್ನು ಕೂರಿಸಿ ಪರೀಕ್ಷಾ ಸೈಟ್‌ನಲ್ಲಿ ಸೂಚನೆ ಓದಿಕೊಂಡು ಒಂದು ಬೆಲೆ ಹಾಕಿಸಿ, ಒಂದು ರಿಫಂಡ್ ಮಾಡಿಸಿ. ಪರೀಕ್ಷಾ ಸೈಟ್‌ನ ಪಾವತಿ ವ್ಯವಸ್ಥೆ ಟೆಸ್ಟ್ ಮೋಡ್‌ನಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅವರು ಕೆಲಸ ಮಾಡುವಾಗ ನೀವು ಬಾಯಿ ಬಿಡಬೇಡಿ. ಎಲ್ಲಿ ತಡವರಿಸಿದರೋ ಅಲ್ಲಿ ತಿದ್ದಬೇಕಾದದ್ದು ನಿಮ್ಮ ವಾಕ್ಯವನ್ನು.

ಆ ದಿನ ಬೆಳಿಗ್ಗೆ

ಕೆಲವರಿಗೆ ಪರದೆ ಕಲಸಿದಂತೆ ಕಾಣಬಹುದು, ಬಟನ್ ಒತ್ತಿದರೂ ಏನೂ ಆಗದಿರಬಹುದು. ಬ್ರೌಸರ್ ಹಳೆಯ ಕಡತಗಳನ್ನು ಹಿಡಿದುಕೊಂಡಿರುವುದು ಇದಕ್ಕೆ ಸಾಮಾನ್ಯ ಕಾರಣ. ಅಂಗಡಿಯ ಕಂಪ್ಯೂಟರ್ ವಿಂಡೋಸ್ ಆಗಿದ್ದು ಕ್ರೋಮ್ ಬಳಸುತ್ತಿದ್ದರೆ `Ctrl+Shift+R` ಒತ್ತಿದರೆ ಸಾಕು. ಈ ಒಂದು ಸಾಲು ಸೂಚನೆಯ ತಲೆಯಲ್ಲೇ ಇರಲಿ, ಏಕೆಂದರೆ ಮೊದಲ ಅರ್ಧ ಗಂಟೆಯಲ್ಲಿ ಬರುವ ದೂರುಗಳಲ್ಲಿ ಇದೂ ಒಂದು.

ಗೊತ್ತಿರುವ ಕೊರತೆ ಏನಾದರೂ ಇದ್ದರೆ ಮುಚ್ಚಿಡದೆ ಬರೆಯಿರಿ. ‘20ಕ್ಕಿಂತ ಮೊದಲು ಬಂದ ಆರ್ಡರ್‌ಗಳಿಗೆ `via` ಕೆಲಸ ಮಾಡದಿರಬಹುದು. ಕೆಂಪು ಸಂದೇಶ ಬಂದರೆ ಆರ್ಡರ್ ನಂಬರ್ ಬರೆದುಕೊಂಡು ನಮಗೆ ಕಳಿಸಿ, ಮತ್ತೆ ಮತ್ತೆ ಒತ್ತಬೇಡಿ.’ ಇಷ್ಟು ಸಾಕು, ಕಾರಣದ ವಿವರ ಅವರಿಗೆ ಬೇಡ.

ಎರಡು ದಿನದಲ್ಲಿ ಏನಾದರೂ ಸರಿಪಡಿಸಿದರೆ ಹಳೆಯ ಸೂಚನೆಯನ್ನು ಸದ್ದಿಲ್ಲದೆ ತಿದ್ದಬೇಡಿ. ಚೇಂಜ್‌ಲಾಗ್‌ನಲ್ಲಿ 2.4.1 ಎಂದು ಹೊಸ ನಮೂದು ಬರಲಿ. ಸಿಬ್ಬಂದಿಗೆ ಬದಲಾದ ಭಾಗ ಮಾತ್ರ ಇರುವ ಹೊಸ ಹಾಳೆ ಕೊಡಿ, ಮೇಲೆ ದಿನಾಂಕ ಇರಲಿ. ಬಿಲ್ಲಿಂಗ್ ಕೌಂಟರ್ ಪಕ್ಕದ ಗೋಡೆಗೆ ಅಂಟಿಸಿದ ಹಳೆಯ ಹಾಳೆಯಲ್ಲಿ ತಪ್ಪಾದ ಸಾಲನ್ನು ಪೆನ್ನಿನಿಂದ ಹೊಡೆದುಹಾಕಲು ಆಗಲೇ ಒಬ್ಬರಿಗೆ ಹೇಳಿ.