ಮೊದಲ ಮಳೆಗೆ ಬಿತ್ತಬೇಕಾ, ಕಾಯಬೇಕಾ? ರೇಡಿಯೋದಲ್ಲಿ ನಾನು ಹೇಳಿದ್ದು

ಕಾರವಾರ ಆಕಾಶವಾಣಿಯಲ್ಲಿ ಭತ್ತದ ಬಿತ್ತನೆ ಬಗ್ಗೆ ಹತ್ತು ನಿಮಿಷ ಮಾತಾಡಲು ಕರೆದಿದ್ದರು. ತಳಿ, ದಿನ, ಮಳೆ ಎಲ್ಲ ಸೇರಿಸಿ ಎರಡು ಪುಟ ಲೆಕ್ಕ ಬರೆದುಕೊಂಡು ಹೋದೆ. ಕಾರ್ಯಕ್ರಮ ನೋಡಿಕೊಳ್ಳುವವರು ಓದಿ, "ಕೇಳುವವರ ಕೈಯಲ್ಲಿ ಪೆನ್ನು ಇರೋದಿಲ್ಲ. ನೀವು ನಿಮ್ಮ ಗದ್ದೆಯಲ್ಲಿ ಏನು ಮಾಡ್ತೀರಿ ಅಷ್ಟನ್ನೇ ಹೇಳಿ" ಅಂದರು. ಹಾಗಾಗಿ ಪಟ್ಟಿ ಬಿಟ್ಟು, ಬನವಾಸಿ ಕಡೆಯ ನಮ್ಮ ಒಂದು ಎಕರೆ ಮಕ್ಕಿ ಗದ್ದೆಯ ಕಥೆಯನ್ನೇ ಹೇಳಿದೆ.

ಅದು ಮಳೆ ನಂಬಿದ ಗದ್ದೆ. ಕೂರಿಗೆಯಲ್ಲಿ ಬಿತ್ತುತ್ತೇವೆ, ಎಕರೆಗೆ ಸುಮಾರು 30 ಕಿಲೋ ಬೀಜ. ಒಂದು ವರ್ಷ ಮೇ 20ರ ಸುಮಾರಿಗೆ ಕೃತ್ತಿಕಾ ಮಳೆ ಚೆನ್ನಾಗಿ ಬಿತ್ತು. ಮಣ್ಣಿನ ವಾಸನೆ ಬಂದಿತ್ತು, ಅಕ್ಕಪಕ್ಕದವರು ಕೂರಿಗೆ ಹೂಡಿದ್ದರು. ನಾನೂ ಮಾರನೇ ದಿನ ಬಿತ್ತಿದೆ. ಆರನೇ ದಿನ ಸಾಲು ಹಸಿರಾಯಿತು. ಆಮೇಲೆ ಎಂಟು ದಿನ ಬಿಸಿಲು. ಕಿತ್ತು ನೋಡಿದರೆ ಬೇರು ಎರಡು ಇಂಚು ಇಳಿದು, ಅಲ್ಲೇ ಒಣಗಿತ್ತು. ಅದರ ಕೆಳಗೆ ಬರೀ ಧೂಳು.

ಆ ದಿನ ಬಿದ್ದ ಮಳೆ ಎಷ್ಟು ಅಂತ ನನಗೆ ಗೊತ್ತೇ ಇರಲಿಲ್ಲ. ಈಗ ಅಂಗಳದ ಬಯಲಲ್ಲಿ ನೇರ ಗೋಡೆಯ ಒಂದು ಡಬ್ಬಿ ಇಟ್ಟಿದ್ದೇನೆ. ಮಳೆ ನಿಂತ ಕೂಡಲೇ ಸ್ಕೇಲ್ ಇಳಿಸಿ ನೋಡುತ್ತೇನೆ. ನಮ್ಮಂಥ ಕೆಂಪು ಮಣ್ಣು ಪೂರ್ತಿ ಒಣಗಿದ್ದಾಗ 25 ಮಿಲಿಮೀಟರ್ ಮಳೆ ಹೆಚ್ಚೂಕಡಿಮೆ ಆರು ಇಂಚು ಆಳ ನೆನೆಸುತ್ತದೆ. ಜೋರಾಗಿ ಹೊಡೆದ ಮಳೆಯಾದರೆ ನೀರು ಹರಿದು ಹೋಗಿರುತ್ತದೆ, ಅಷ್ಟೂ ಇಳಿದಿರುವುದಿಲ್ಲ. ಅದಕ್ಕೇ ಡಬ್ಬಿಯನ್ನು ಪೂರ್ತಿ ನಂಬದೆ ಗುದ್ದಲಿ ಹಿಡಿಯುತ್ತೇನೆ.

ಗದ್ದೆಯ ಮೂರು ನಾಲ್ಕು ಕಡೆ ಒಂದು ಗೇಣು ಅಗೆಯುತ್ತೇನೆ. ಮೇಲಿನ ಹಸಿ ಕೆಳಗಿನ ಹಸಿಯನ್ನು ಮುಟ್ಟಿದೆಯಾ, ನಡುವೆ ಒಣ ಪದರ ಉಳಿದಿದೆಯಾ ಅಂತ ನೋಡಬೇಕು. ಆಮೇಲೆ ನಾಲ್ಕು ಇಂಚು ಕೆಳಗಿನ ಮಣ್ಣು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತುತ್ತೇನೆ. ಉಂಡೆ ಕಟ್ಟದಿದ್ದರೆ ಕಾಯುವುದು. ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಟ್ಟಾಗ ಎರಡು ಮೂರು ಹೋಳಾದರೆ ಹದ. ಅಂಗೈಗೆ ಮೆತ್ತಿಕೊಂಡು ಹೊಳೆದರೆ ಹಸಿ ಜಾಸ್ತಿ, ಕೂರಿಗೆ ಓಡುವುದಿಲ್ಲ. ಪೂರ್ತಿ ಒಣ ಮಣ್ಣಿಗೆ ಹಾಕಿದ ಬೀಜ ಸುಮ್ನೆ ಮಲಗಿದ್ದು ಮಳೆ ಬಂದಾಗ ಏಳಬಹುದು. ಅರೆಹಸಿಯಲ್ಲಿ ಮಾತ್ರ ಅದು ಊದಿಕೊಂಡು, ಮೊಳಕೆ ಬಿಟ್ಟು ಸಾಯುತ್ತದೆ.

ಹಾಗಂತ ಕಾಯುತ್ತಾ ಕೂರುವ ಹಾಗೂ ಇಲ್ಲ. ಇಲ್ಲಿ ತಳಿಯ ದಿನದ ಲೆಕ್ಕ ಬರುತ್ತದೆ. ಜಯಾ ನಮ್ಮಲ್ಲಿ ಸುಮಾರು 140 ದಿನ ತೆಗೆದುಕೊಳ್ಳುತ್ತದೆ. ಹೂ ಬಿಡುವುದು ಕೊಯ್ಲಿಗೆ 30 ದಿನ ಮೊದಲು. ಆ ಹೊತ್ತಿಗೆ ಗದ್ದೆಯಲ್ಲಿ ನೀರಿಲ್ಲದಿದ್ದರೆ ತೆನೆಯೆಲ್ಲ ಜೊಳ್ಳು. ನಮ್ಮ ಮಕ್ಕಿ ಗದ್ದೆಯಲ್ಲಿ ಉತ್ತರಾ ಮಳೆ, ಅಂದರೆ ಸೆಪ್ಟೆಂಬರ್ ಕೊನೆ, ದಾಟಿದರೆ ನೀರು ನಿಲ್ಲುವುದಿಲ್ಲ.

ಮುಂದಿನ ವರ್ಷ ಹೀಗಾಯಿತು. ಮೊದಲ ಮಳೆ ಡಬ್ಬಿಯಲ್ಲಿ 18 ಮಿಲಿಮೀಟರ್. ಅಗೆದರೆ ನಾಲ್ಕು ಇಂಚಿಗೆ ಒಣ. ಕೈ ಕಟ್ಟಿ ಕೂತೆ. ರೋಹಿಣಿಯಲ್ಲಿ ಎರಡು ಮಳೆ ಸೇರಿ 40 ದಾಟಿತು. ಈ ಸಲ ಗೇಣುದ್ದ ಹಸಿ, ಉಂಡೆ ಮೂರು ಹೋಳು. ಜೂನ್ 1ಕ್ಕೆ ಎರಡು ಇಂಚು ಆಳಕ್ಕೆ ಬಿತ್ತಿದೆ. ಲೆಕ್ಕದ ಪ್ರಕಾರ ಸೆಪ್ಟೆಂಬರ್ 19ಕ್ಕೆ ಹೂ, ಅಕ್ಟೋಬರ್ 19ಕ್ಕೆ ಕೊಯ್ಲು. ಎರಡೂ ಲೆಕ್ಕಕ್ಕಿಂತ ನಾಲ್ಕೈದು ದಿನ ಹಿಂದೆ ಮುಂದೆ ಬಂದವು, ಅಷ್ಟೇ.

ಹದ ಸಿಕ್ಕಿದ್ದು ಜೂನ್ 20ಕ್ಕೆ ಆಗಿದ್ದರೆ? ಜಯಾ ಹೂ ಬಿಡುವುದು ಅಕ್ಟೋಬರ್ 8ಕ್ಕೆ ಹೋಗುತ್ತಿತ್ತು, ಗದ್ದೆ ಆಗ ಒಣಗಿರುತ್ತದೆ. ಆಗ ನಾನು 120 ದಿನದ ಜ್ಯೋತಿ ಹಿಡಿಯುತ್ತಿದ್ದೆ, ಹೂ ಮತ್ತೆ ಸೆಪ್ಟೆಂಬರ್ 18ಕ್ಕೇ ಬರುತ್ತದೆ. ಆದರೆ ಅಷ್ಟು ಹೊತ್ತಿಗೆ ಮಳೆ ಹಿಡಿದು ಕೂರಿಗೆ ನಡೆಯದಿದ್ದರೆ, ಮೊಳಕೆ ಬರಿಸಿದ ಬೀಜ ಚೆಲ್ಲಬೇಕು ಇಲ್ಲವೇ ಸಸಿ ನೆಡಬೇಕು. ಹಳೆಯ ಕಾಲದ ಎಷ್ಟೋ ತಳಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅವು ಹಗಲು ಚಿಕ್ಕದಾದಾಗಲೇ ಹೂ ಬಿಡುತ್ತವೆ, ಯಾವಾಗ ಬಿತ್ತಿದರೂ ಸರಿ.

ವರದಾ ಹೊಳೆ ಪಕ್ಕದ ಗದ್ದೆಗೆ ಚಿಂತೆ ಬೇರೆ. ಅಲ್ಲಿ ಕೊನೆಗೆ ನೀರಿನ ಕೊರತೆ ಇಲ್ಲ, ನಡುವೆ ನೆರೆ ಬರುತ್ತದೆ. ನೆರೆ ಏರುವ ಮೊದಲೇ ಸಸಿ ಎತ್ತರವಾಗಿರಬೇಕು. ಅದಕ್ಕೇ ಹದ ಸಿಕ್ಕ ದಿನ ಮೊದಲ ಕೂರಿಗೆ ಆ ಗದ್ದೆಗೆ, ಅಲ್ಲಿಗೆ ಅಭಿಲಾಷ್‌ನಂಥ ಉದ್ದ ಅವಧಿಯ ತಳಿ.

ಮಾತು ಪ್ರಸಾರವಾದ ಮೇಲೆ ಮುಂಡಗೋಡ ಕಡೆಯವರೊಬ್ಬರು ಫೋನ್ ಮಾಡಿದ್ದರು. "ನಮ್ಮದು ಎರೆ ಮಣ್ಣು, ನೀವು ಹೇಳಿದ ಉಂಡೆ ಯಾವಾಗ ಬಿಟ್ಟರೂ ಒಡೆಯೋದೇ ಇಲ್ಲ ಅಲ್ವಾ?" ಅವರು ಹೇಳಿದ್ದು ಸರಿ. ಜಿಗುಟು ಮಣ್ಣಿಗೆ ಬಿಟ್ಟು ನೋಡುವ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಕೂರಿಗೆಯ ತಾಳಿಗೆ ಮಣ್ಣು ಮೆತ್ತಿಕೊಳ್ಳದೆ ಉದುರುವ ದಿನವೇ ಹದ. ಅದೇ 25 ಮಿಲಿಮೀಟರ್ ಮಳೆ ಅಲ್ಲಿ ನಾಲ್ಕೈದು ಇಂಚಷ್ಟೇ ಇಳಿಯುತ್ತದೆ, ಹಾಗಾಗಿ ಇನ್ನೊಂದು ಮಳೆಗೆ ಕಾಯಿರಿ ಅಂದೆ.